ಆಪ್ಷನ್ ಇಲ್ಲದೆ ಬಂದ ಪ್ರಶ್ನೆ

ಕಳೆದ ಮಳೆಗಾಲದ ಒಂದು ರಾತ್ರಿ, ಊಟ ಮುಗಿಸಿ ಫೋನ್ ಹಿಡ್ಕೊಂಡು ಕೂತಿದ್ದೆ, ನಮ್ಮ ಸಂಜೆ ಬ್ಯಾಚಿನ ಒಬ್ಬ ಹುಡುಗಿ ಮೆಸೇಜ್ ಹಾಕಿದ್ಲು. ಪಿಡಿಓ ಪರೀಕ್ಷೆಗೆ ಓದ್ತಿದ್ದವಳು, ಹಗಲೆಲ್ಲ ಒಂದು ಝೆರಾಕ್ಸ್ ಅಂಗಡೀಲಿ ಕೆಲಸ, ಓದೋಕೆ ಸಿಗೋದೇ ರಾತ್ರಿ ಒಂಬತ್ತರ ಮೇಲೆ. ಮೆಸೇಜಲ್ಲಿ ಇದ್ದದ್ದು ಇಷ್ಟೇ: "ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? ಸರ್ ಇದಕ್ಕೆ ಉತ್ತರ ಹೇಳಿ."

ನಾನು ಒಂದು ಕ್ಷಣವೂ ಯೋಚ್ನೆ ಮಾಡ್ಲಿಲ್ಲ. "ಬಹುಶಃ ಕೆ.ಸಿ. ರೆಡ್ಡಿ ಇರ್ಬೇಕಮ್ಮ" ಅಂತ ಟೈಪ್ ಮಾಡಿ ಕಳ್ಸಿ ಮಲ್ಕೊಂಡೆ.

ನಾಲ್ಕು ದಿನ ಆದ್ಮೇಲೆ ಕ್ಲಾಸಲ್ಲಿ ನೋಟ್ಸ್ ನೋಡ್ತಿದ್ದಾಗ ಒಬ್ಬ ಹುಡುಗನ ಪುಸ್ತಕದಲ್ಲಿ ಕೆಂಪು ಇಂಕಲ್ಲಿ ಬರೆದಿತ್ತು, "ಕರ್ನಾಟಕದ ಮೊದಲ ಸಿಎಂ - ಕೆ.ಸಿ. ರೆಡ್ಡಿ", ಕೆಳಗೆ ಎರಡು ಗೆರೆ ಬೇರೆ. ಪಕ್ಕದವನ ಪುಸ್ತಕದಲ್ಲೂ ಅದೇ. ಯಾರು ಹೇಳಿದ್ದು ಅಂದೆ. "ನೀವೇ ಹೇಳಿದ್ರಂತೆ ಸರ್" ಅಂದ. ಆ ಹುಡುಗಿ ಗೆಳತಿಗೆ ಹೇಳಿದ್ಲು, ಅವಳು ಇನ್ನಿಬ್ಬರಿಗೆ, ಹೀಗೆ ಹನ್ನೊಂದು ಪುಸ್ತಕಕ್ಕೆ ಹೋಗಿತ್ತು, ನಾನೇ ಎಣಿಸಿದೆ. ನಾನು ಹಾಕಿದ್ದ "ಬಹುಶಃ" ಅನ್ನೋ ಪದ ಹನ್ನೊಂದರಲ್ಲಿ ಒಂದರಲ್ಲೂ ಉಳಿದಿರ್ಲಿಲ್ಲ. "ಇರ್ಬೇಕಮ್ಮ" ಅನ್ನೋದೂ ಇರ್ಲಿಲ್ಲ. ನನ್ನ ಮನಸ್ಸಲ್ಲಿದ್ದ ಅನುಮಾನ ನನ್ನ ಹತ್ರಾನೇ ಉಳ್ಕೊಂಡಿತ್ತು, ಹೆಸರು ಮಾತ್ರ ಊರೆಲ್ಲ ಸುತ್ತಿ ಬಂದಿತ್ತು.

ಆಮೇಲೆ ಅವಳು ಆ ಪ್ರಶ್ನೆಪತ್ರಿಕೆಯ ಪ್ರಿಂಟೌಟ್ ತಂದು ತೋರಿಸಿದ್ಲು. ಯಾವುದೋ ಪ್ರಾಕ್ಟೀಸ್ ಪೇಪರ್. ಪ್ರಶ್ನೆ ಅದೇ, ಅಕ್ಷರಕ್ಕೆ ಅಕ್ಷರ. ಕೆಳಗಿದ್ದ ನಾಲ್ಕು ಹೆಸರು: ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ವೀರೇಂದ್ರ ಪಾಟೀಲ್.

ಕೆ.ಸಿ. ರೆಡ್ಡಿ ಅಲ್ಲಿ ಇರ್ಲೇ ಇಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ನಾನು ಹೇಳಿದ್ದು ಸುಳ್ಳಲ್ಲ, ಪೇಪರಿನವರು ಕೇಳಿದ್ದೂ ತೀರಾ ತಪ್ಪಲ್ಲ, ಆದ್ರೂ ಹುಡುಗಿಗೆ ಹೋಗಿದ್ದು ತಪ್ಪು ಉತ್ತರ. ಇದು ಹೇಗಾಯ್ತು ಅನ್ನೋದೇ ನನ್ನನ್ನ ಬಹಳ ದಿನ ಕಾಡಿದ್ದು.

ಕೆ.ಸಿ. ರೆಡ್ಡಿಯವರು, ಕೆ. ಚೆಂಗಲರಾಯ ರೆಡ್ಡಿಯವರು, 1947ರ ಅಕ್ಟೋಬರ್ 25ಕ್ಕೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದ್ರು. ಮೈಸೂರು ಚಲೋ ಚಳವಳಿ ನಡೆದು, ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದ ಮೇಲೆ. ಆದ್ರೆ ಅವತ್ತಿನ ಮೈಸೂರು ರಾಜ್ಯ ಅಂದ್ರೆ ಹಳೇ ಮೈಸೂರು ಸೀಮೆ ಅಷ್ಟೇ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿ. ಗುಲ್ಬರ್ಗ, ರಾಯಚೂರು, ಬೀದರ್ ಹೈದರಾಬಾದಲ್ಲಿ. ಮಂಗಳೂರು ಕಡೆ ಮದ್ರಾಸಲ್ಲಿ. ಕೊಡಗಿಗಂತೂ 1952ರಿಂದ 1956ರ ತನಕ ತನ್ನದೇ ಮುಖ್ಯಮಂತ್ರಿ ಇದ್ರು, ಸಿ.ಎಂ. ಪೂಣಚ್ಚ ಅವರು, ಹಾಗಾಗಿ ಕೊಡಗಿನ ಹಿರಿಯರ ಮುಂದೆ ಈ ಪ್ರಶ್ನೆ ಇಟ್ರೆ ಅವರು ಮೊದಲು "ಯಾವ ರಾಜ್ಯದ್ದು ಕೇಳ್ತಿದೀಯಪ್ಪ" ಅಂತ ಕೇಳೋದೇ ನ್ಯಾಯ. ಇವೆಲ್ಲ ಸೇರಿ ಒಂದಾಗಿದ್ದು 1956ರ ನವೆಂಬರ್ 1ಕ್ಕೆ, ಅವತ್ತು ಮುಖ್ಯಮಂತ್ರಿ ಆಗಿ ಬಂದವರು ನಿಜಲಿಂಗಪ್ಪನವರು. ಅದಕ್ಕೂ ಹಿಂದಿನ ದಿನದ ತನಕ ಕಡಿದಾಳ್ ಮಂಜಪ್ಪನವರು ಇದ್ರು. ಆದ್ರೆ ಒಂದಾದ ಮೇಲೂ ಹೆಸರು "ಮೈಸೂರು" ಅಂತಾನೇ ಇತ್ತು. "ಕರ್ನಾಟಕ" ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ, ಆಗ ಇದ್ದವರು ದೇವರಾಜ ಅರಸು.

ಅಂದ್ರೆ "ಕರ್ನಾಟಕದ ಮೊದಲ ಮುಖ್ಯಮಂತ್ರಿ" ಅಂದಾಗ ಮೂರು ಹೆಸರಿಗೂ ದಾರಿ ಇದೆ. ಈಗಿನ ರಾಜ್ಯದ ಮುಖ್ಯಮಂತ್ರಿಗಳ ಪಟ್ಟಿ ತೆಗೆದ್ರೆ ಮೊದಲ ಸಾಲಲ್ಲಿ ರೆಡ್ಡಿಯವರು ಇರ್ತಾರೆ. ಏಕೀಕರಣದ ಲೆಕ್ಕ ಹಿಡಿದ್ರೆ ನಿಜಲಿಂಗಪ್ಪ. ಹೆಸರಿನ ಲೆಕ್ಕ ಹಿಡಿದ್ರೆ ಅರಸು. ಪ್ರಶ್ನೆ ತೆಗೆದವನ ತಲೇಲಿ ಯಾವ ಲೆಕ್ಕ ಇತ್ತು ಅನ್ನೋದು ಪ್ರಶ್ನೆಯ ಸಾಲಲ್ಲಿ ಇಲ್ಲ, ಕೆಳಗಿನ ನಾಲ್ಕು ಹೆಸರಲ್ಲಿ ಇದೆ. ಆ ನಾಲ್ಕರಲ್ಲಿ ರೆಡ್ಡಿ ಇಲ್ಲ, ಅರಸು ಇಲ್ಲ, ಆಗ ಗೊತ್ತಾಗುತ್ತೆ ಇವನು ಕೇಳ್ತಿರೋದು 1956ರ ಮಾತು ಅಂತ. ಪ್ರಶ್ನೆಯ ಅರ್ಧ ಭಾಗ ಆಪ್ಷನ್ನಲ್ಲೇ ಇತ್ತು, ನಾನು ಉಳಿದರ್ಧ ಓದಿ ಉತ್ತರ ಕೊಟ್ಟಿದ್ದೆ.

ಹದಿನಾಲ್ಕು ವರ್ಷದಿಂದ ಈ ಪರೀಕ್ಷೆಗಳಿಗೆ ಪಾಠ ಹೇಳ್ತಿದೀನಿ, ಸಣ್ಣ ಪರೀಕ್ಷೆಗಳಿಗೆ ಪ್ರಶ್ನೆ ತೆಗೆದೂ ಕೊಟ್ಟಿದೀನಿ. ಪ್ರಶ್ನೆ ತೆಗೆಯೋರು ಮೊದಲು ಕಲಿಯೋ ಪಾಠ ಒಂದಿದೆ. ಪ್ರಶ್ನೆ ಬರೆದಾದ ಮೇಲೆ ಆಪ್ಷನ್ ಮೇಲೆ ಕೈ ಇಟ್ಟು ಮುಚ್ಚಿ, ಬರೀ ಪ್ರಶ್ನೆ ಓದಿ, ಉತ್ತರ ಹೇಳೋಕಾಗುತ್ತಾ ನೋಡು. ಹೇಳೋಕಾದ್ರೆ ಪ್ರಶ್ನೆ ಗಟ್ಟಿ. ಆಗ್ಲಿಲ್ಲ ಅಂದ್ರೆ ಪ್ರಶ್ನೆ ಇನ್ನೂ ಆಪ್ಷನ್ ಮೇಲೆ ಒರಗಿ ನಿಂತಿದೆ. "ಭಾರತದ ಸಂವಿಧಾನ ಜಾರಿಗೆ ಬಂದ ದಿನ ಯಾವುದು" ಅಂದ್ರೆ ಕೈ ಮುಚ್ಚಿದ್ರೂ 1950 ಜನವರಿ 26 ಅಂತ ಹೇಳ್ಬಹುದು (ಅಂಗೀಕಾರ ಆಗಿದ್ದು ಯಾವಾಗ ಅಂದ್ರೆ ಬೇರೆ, ಅದು 1949 ನವೆಂಬರ್ 26, ಒಂದು ಪದ ಬದಲಾದ್ರೆ ಉತ್ತರ ಬದಲು). ಆದ್ರೆ "ಇವುಗಳಲ್ಲಿ ವಿದ್ಯುತ್ತಿನ ಅತ್ಯುತ್ತಮ ವಾಹಕ ಯಾವುದು" ಅಂದ್ರೆ? ಬೆಳ್ಳಿ ಅಂತ ಬಾಯಿಗೆ ಬರುತ್ತೆ, ಲೋಹಗಳಲ್ಲಿ ಅದೇ ಮೊದಲು, ನಿಜ. ಆದ್ರೆ ಕೊಟ್ಟಿರೋದು ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಸೀಸ ಆಗಿದ್ರೆ ತಾಮ್ರಕ್ಕೇ ಗುಂಡು ಹಾಕ್ಬೇಕು. "ಇವುಗಳಲ್ಲಿ" ಅನ್ನೋ ಒಂದು ಪದ ಬಂತು ಅಂದ್ರೆ ಮುಂದಿನ ಪಟ್ಟಿ ಇಲ್ದೆ ಆ ಪ್ರಶ್ನೆಗೆ ಅರ್ಥವೇ ಪೂರ್ತಿ ಆಗಲ್ಲ.

ನಮ್ಮ ಪರೀಕ್ಷೆಗಳಲ್ಲಿ ಕೈ ಮುಚ್ಚಿ ನೋಡೋ ಈ ಪರೀಕ್ಷೆ ಪಾಸಾಗೋ ಪ್ರಶ್ನೆ ಬಹಳ ಕಮ್ಮಿ. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ", "ಗುಂಪಿಗೆ ಸೇರದ್ದನ್ನು ಗುರುತಿಸಿ", "ಕೆಳಗಿನ ಯಾವ ಜೋಡಿ ಸರಿಯಾಗಿದೆ", ಇಂಥವೇ ರಾಶಿ ರಾಶಿ. ಇವುಗಳಿಗೆ ಆಪ್ಷನ್ ಇಲ್ದೆ ಉತ್ತರ ಹೇಳೋಕೆ ಯಾರೂ ಹೋಗಲ್ಲ, ಹಾಗಾಗಿ ಇವು ಅಷ್ಟು ಅಪಾಯ ಅಲ್ಲ. ಅಪಾಯ ಇರೋದು ಮುಖ್ಯಮಂತ್ರಿ ಪ್ರಶ್ನೆ ಥರದವುಗಳಲ್ಲಿ, ನೋಡೋಕೆ ಪೂರ್ತಿ ಇದೆ ಅನ್ಸುತ್ತೆ, ನಮಗೆ ಉತ್ತರ ಗೊತ್ತು ಅಂತಾನೂ ಅನ್ಸುತ್ತೆ, ಏನೋ ಬಿಟ್ಟುಹೋಗಿದೆ ಅಂತ ಅನುಮಾನವೇ ಬರಲ್ಲ.

ಇನ್ನೊಂದು ಉದಾಹರಣೆ, ಇದು ಎರಡು ಬ್ಯಾಚಿಂದ ಪ್ರತಿ ವರ್ಷ ಬರ್ತಿದೆ. "ಕನ್ನಡದ ಅತ್ಯಂತ ಪ್ರಾಚೀನ ಶಾಸನ ಯಾವುದು?" ನನ್ನ ವಯಸ್ಸಿನವರಿಗೆ ಹಲ್ಮಿಡಿ ಅನ್ನೋದು ರಕ್ತಗತ ಆಗಿಬಿಟ್ಟಿದೆ, ಸುಮಾರು ಕ್ರಿ.ಶ. 450, ಬೇಲೂರು ತಾಲೂಕು, ಶಾಲೇಲಿ ಬಾಯಿಪಾಠ ಮಾಡಿದ್ದು. ಆದ್ರೆ ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ರ ಪುರಾತತ್ವ ಇಲಾಖೆ ಅಗೆದಾಗ ಸಿಂಹಕಟಾಂಜನದ ಮೇಲೆ, ಅಂದ್ರೆ ಸಿಂಹ ಕೆತ್ತಿದ ಕಲ್ಲಿನ ಕಟಕಟೆ ಮೇಲೆ, ಒಂದು ಶಾಸನ ಸಿಕ್ತು, ಅದನ್ನ ಕ್ರಿ.ಶ. 370 ಅಂತ ಹೇಳಿದ್ರು, ಅಂದ್ರೆ ಹಲ್ಮಿಡಿಗಿಂತ ಎಂಬತ್ತು ವರ್ಷ ಹಿಂದೆ. ಈಗ ಈ ಪ್ರಶ್ನೆ ಬರೀ ಒಂದು ಸಾಲಾಗಿ ಬಂದ್ರೆ ನಾನು ಏನು ಹೇಳ್ಲಿ? ಪೇಪರ್ 2008ರದ್ದಾಗಿದ್ರೆ ಹಲ್ಮಿಡಿ ಬಿಟ್ಟು ಬೇರೆ ಇರೋಕೆ ಸಾಧ್ಯ ಇಲ್ಲ. ಈಚಿನದ್ದಾಗಿ, ಆಪ್ಷನ್ನಲ್ಲಿ ಹಲ್ಮಿಡಿ, ಬಾದಾಮಿ, ಐಹೊಳೆ, ಶ್ರವಣಬೆಳಗೊಳ ಇದ್ರೆ ಆಗ್ಲೂ ಹಲ್ಮಿಡಿನೇ. ನಾಲ್ಕರಲ್ಲಿ ತಾಳಗುಂದ ಅಂತ ಇದ್ರೆ, ಅದ್ರಲ್ಲೂ "ಸಿಂಹಕಟಾಂಜನ" ಅನ್ನೋ ಪದ ಕಂಡ್ರೆ, ಪ್ರಶ್ನೆ ತೆಗೆದವನು ಹೊಸ ಸಂಗತಿ ತಿಳ್ಕೊಂಡೇ ಕೇಳ್ತಿದಾನೆ ಅಂತ ಅರ್ಥ. ಇಲ್ಲೂ ನೋಡಿ, ಆಪ್ಷನ್ ಕಳೆದುಹೋದಾಗ ಅದ್ರ ಜೊತೆ ಪೇಪರಿನ ವರ್ಷವೂ ಕಳೆದುಹೋಗಿರುತ್ತೆ, ಅದನ್ನ ಯಾರೂ ಗಮನಿಸಲ್ಲ.

ಈ ಆಪ್ಷನ್ ಅನ್ನೋವು ಎಲ್ಲಿ ಕಳೆದುಹೋಗ್ತವೆ ಅಂತ ನಾನು ಹುಡುಗರ ಪಕ್ಕ ಕೂತು ನೋಡಿದೀನಿ. ನಮ್ಮಲ್ಲಿ ಓಡಾಡೋ ಹಳೇ ಪ್ರಶ್ನೆಪತ್ರಿಕೆ ಪಿಡಿಎಫ್‌ಗಳು ಬಹಳಷ್ಟು ನುಡಿ ಫಾಂಟಲ್ಲಿ ಟೈಪ್ ಮಾಡಿದವು, ಯುನಿಕೋಡ್ ಅಲ್ಲ. ಕಣ್ಣಿಗೆ ಕನ್ನಡವೇ ಕಾಣುತ್ತೆ, ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಬೇರೆ ಏನೋ ಬರುತ್ತೆ. "ಕರ್ನಾಟಕ" ಅನ್ನೋದು ಹೀಗೆ ಬರುತ್ತೆ:

```
PÀ£ÁðlPÀ
```

ಆಗ ಹುಡುಗರು ಇದನ್ನ ಕನ್ವರ್ಟರ್‌ಗೆ ಹಾಕಿ ಸರಿ ಮಾಡ್ಕೋತಾರೆ, ಒಂದೊಂದು ಪ್ರಶ್ನೆಗೂ ಮೂರು ನಿಮಿಷ ಹೋಗುತ್ತೆ. ಆಪ್ಷನ್ನುಗಳು ಎರಡು ಕಾಲಮ್ಮಲ್ಲೋ ಬಾಕ್ಸಲ್ಲೋ ಇರ್ತವೆ, ಬೆರಳಲ್ಲಿ ಸೆಲೆಕ್ಟ್ ಮಾಡೋವಾಗ ಒಂದು ಸಾಲು ಬರುತ್ತೆ ಇನ್ನೊಂದು ಬರಲ್ಲ, ಪಕ್ಕದ ಕಾಲಮ್ಮಿನ ಬೇರೆ ಪ್ರಶ್ನೆ ಸೇರ್ಕೊಳ್ಳುತ್ತೆ. ಸಾಕಾಗಿ ಪ್ರಶ್ನೆ ಒಂದನ್ನೇ ಕಳ್ಸಿಬಿಡ್ತಾರೆ, ಸರ್‌ಗೆ ಗೊತ್ತಿರುತ್ತಲ್ಲ ಅಂತ. ಆ ಹುಡುಗಿನೂ ಅದನ್ನೇ ಮಾಡಿದ್ದು. ತಪ್ಪು ಅವಳದ್ದು ಅಂತ ನನಗೆ ಯಾವತ್ತೂ ಅನ್ಸಿಲ್ಲ, ರಾತ್ರಿ ಹತ್ತೂವರೆಗೆ ದಣಿದು ಬಂದು ಅಷ್ಟು ಮಾಡಿದ್ದೇ ದೊಡ್ಡದು. ಪರೀಕ್ಷೆ ಬರೆದು ಬಂದ ದಿನವಂತೂ ಇನ್ನೂ ಕಷ್ಟ, ಪ್ರಶ್ನೆ ನೆನಪಿರುತ್ತೆ ಆಪ್ಷನ್ ನೆನಪಿರಲ್ಲ, ನೆನಪಿರೋದು ತಾವು ಗುಂಡು ಹಾಕಿದ ಒಂದೇ ಒಂದು.

ಇಲ್ಲಿ ನಾನು ಕಂಡ ಇನ್ನೂ ಕೆಟ್ಟ ಅಭ್ಯಾಸ ಒಂದಿದೆ, ನಾನೂ ಮಾಡಿದೀನಿ. ಆಪ್ಷನ್ ಇಲ್ಲ ಅಂತ ನಾವೇ ನಾಲ್ಕು ತುಂಬಿಬಿಡೋದು. ಹಳೇ ಗೈಡಲ್ಲಿ ಇದೇ ಪ್ರಶ್ನೆ ನೋಡಿದ ನೆನಪಿರುತ್ತೆ, ಅಲ್ಲಿದ್ದ ನಾಲ್ಕು ಹೆಸರು ಬರೆದು, ಇವುಗಳಲ್ಲಿ ಇದು ಸರಿ ಅಂತ ಹೇಳ್ತೀವಿ. ಕೇಳಿದವನಿಗೆ ಅದು ತನ್ನ ಪೇಪರಿನ ಆಪ್ಷನ್ನೇ ಅನ್ಸುತ್ತೆ. ಒಂದೇ ಪ್ರಶ್ನೆ ಐದು ಪೇಪರಲ್ಲಿ ಐದು ಥರದ ಆಪ್ಷನ್ ಹಾಕ್ಕೊಂಡು ಬಂದಿರುತ್ತೆ, ಹಳೇ ಪ್ರಶ್ನೆಗೆ ಹೊಸ ಆಪ್ಷನ್ ಜೋಡಿಸಿ ಹೊಸ ಪ್ರಶ್ನೆ ಮಾಡೋದು ಪ್ರಶ್ನೆ ತೆಗೆಯೋರ ಮಾಮೂಲಿ ದಾರಿ. ಹೀಗಿರೋವಾಗ ನೆನಪಿನ ಆಪ್ಷನ್ ತುಂಬಿದ್ರೆ, ಬರೀ ಉತ್ತರ ಊಹೆ ಮಾಡಿದ್ದಕ್ಕಿಂತ ಹೆಚ್ಚು ಕೆಡುಕಾಗುತ್ತೆ, ಯಾಕಂದ್ರೆ ಪ್ರಶ್ನೆ ಪೂರ್ತಿ ಇದ್ದ ಹಾಗೆ ಕಾಣುತ್ತೆ, ಮತ್ತೆ ಯಾರೂ ಅಸಲಿ ಪೇಪರ್ ಹುಡುಕೋಕೇ ಹೋಗಲ್ಲ.

ಅದೇ ಥರ "ಉತ್ತರ ಬಿ" ಅಂತ ಬರೀ ಅಕ್ಷರ ಹೇಳೋದು. ದೊಡ್ಡ ಪರೀಕ್ಷೆಗಳಲ್ಲಿ ಬುಕ್‌ಲೆಟ್‌ಗೆ ಎ, ಬಿ, ಸಿ, ಡಿ ಅಂತ ಸೀರೀಸ್ ಇರುತ್ತೆ, ಪಕ್ಕದವರದ್ದು ನೋಡಿ ಬರೀಬಾರ್ದು ಅಂತ ಪ್ರಶ್ನೆಗಳ ಕ್ರಮ ಹಿಂದೆ ಮುಂದೆ ಮಾಡಿರ್ತಾರೆ. ಇವನ 37ನೇ ಪ್ರಶ್ನೆ ಅವಳ 82ನೇದು ಆಗಿರ್ಬಹುದು. ಸೀರೀಸ್ ಗೊತ್ತಿಲ್ದೆ ನಂಬರಿಗೆ ನಂಬರ್ ಹೊಂದಿಸಿ ಕೀ ಉತ್ತರ ನೋಡ್ಕೊಂಡು ಅತ್ತವರನ್ನ ನೋಡಿದೀನಿ, ಆಮೇಲೆ ಸೀರೀಸ್ ಸರಿ ಮಾಡಿ ನೋಡಿದ್ರೆ ಅಂಕ ಚೆನ್ನಾಗೇ ಬಂದಿತ್ತು.

ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳ್ದ, "ಸರ್, ಪರೀಕ್ಷೆ ಹಾಲಲ್ಲಿ ನೀವೇ ಗೆಸ್ ಮಾಡಿ ಅಂತೀರಲ್ಲ, ಎರಡು ಆಪ್ಷನ್ ಹೊಡೆದು ಹಾಕಿದ್ರೆ ಉಳಿದೆರಡರಲ್ಲಿ ಒಂದು ಹಾಕಿ ಅಂತ, ಇಲ್ಲಿ ಯಾಕೆ ಬೇಡ ಅಂತೀರಿ?" ಒಳ್ಳೇ ಪ್ರಶ್ನೆ. ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರ್ಸಿದೆ. ಯುಪಿಎಸ್ಸಿ ಪ್ರಿಲಿಮ್ಸಿನ ಜನರಲ್ ಸ್ಟಡೀಸ್ ಪೇಪರ್ ತಗೊಳ್ಳಿ, ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅದ್ರ ಮೂರನೇ ಒಂದು ಭಾಗ, ಅಂದ್ರೆ ಸುಮಾರು 0.66, ಕಡಿತ. ಎರಡು ಆಪ್ಷನ್ ಉಳಿದಿವೆ ಅಂದ್ರೆ ಎರಡು ಸಲ ಇಂಥ ಸಂದರ್ಭ ಬಂದಾಗ ಸರಾಸರಿ ಒಮ್ಮೆ ಸರಿ ಒಮ್ಮೆ ತಪ್ಪು, 2ರಲ್ಲಿ 0.66 ಹೋಗಿ 1.34 ಕೈಲಿ ಉಳಿಯುತ್ತೆ. ಹಾಕೋದೇ ಲಾಭ. ಆದ್ರೆ ಈ ಲೆಕ್ಕ ನಿಂತಿರೋದು ಎಲ್ಲಿ ಅಂದ್ರೆ, ಉತ್ತರ ಈ ನಾಲ್ಕರಲ್ಲೇ ಒಂದು ಅಂತ ನಿನಗೆ ಗೊತ್ತು. ಬೇಲಿ ಇದೆ. ಬೇಲಿ ಒಳಗೆ ಹುಡುಕ್ತಿದೀಯ. ಆಪ್ಷನ್ ಇಲ್ಲದ ಪ್ರಶ್ನೇಲಿ ಬೇಲಿನೇ ಇಲ್ಲ, ಎಷ್ಟರಲ್ಲಿ ಒಂದು ಅಂತ ಹೇಳೋಕೆ ಲೆಕ್ಕವೇ ಹುಟ್ಟಲ್ಲ. ಜೊತೆಗೆ ಹಾಲಲ್ಲಿ ತಪ್ಪಾದ್ರೆ ಹೋಗೋದು ನಿನ್ನ 0.66 ಅಂಕ, ಅಲ್ಲಿಗೆ ಮುಗೀತು. ಇಲ್ಲಿ ತಪ್ಪಾದ್ರೆ ಅದು ನೋಟ್ಸಿಗೆ ಹೋಗುತ್ತೆ, ನೋಟ್ಸಿಂದ ಬಾಯಿಪಾಠಕ್ಕೆ ಹೋಗುತ್ತೆ, ಪರೀಕ್ಷೆ ದಿನ ಅನುಮಾನವೇ ಇಲ್ದೆ ಕೈಯಿಂದ ಇಳಿಯುತ್ತೆ.

ಆಪ್ಷನ್ನಿಗೆ ಇನ್ನೊಂದು ಕೆಲಸ ಇದೆ, ಅದನ್ನ ನಾನು ತಿಳ್ಕೊಂಡಿದ್ದು ಬಹಳ ತಡವಾಗಿ. ಅದು ನಮ್ಮನ್ನ ತಡೆದು ನಿಲ್ಲಿಸುತ್ತೆ. ಒಂದು ರೈಲು 360 ಕಿಲೋಮೀಟರ್ ದೂರನ 5 ಗಂಟೇಲಿ ಹೋಗುತ್ತೆ, ವೇಗ ಎಷ್ಟು ಅಂತ ಇದೆ ಅನ್ಕೊಳ್ಳಿ. 72 ಅಂತ ಲೆಕ್ಕ ಬಂತು. ಆಪ್ಷನ್ ನೋಡಿದ್ರೆ 15, 18, 20, 25 ಅಂತ ಇದೆ. 72 ಎಲ್ಲೂ ಇಲ್ಲ. ಆಗ ಕೈ ನಿಲ್ಲುತ್ತೆ, ಓಹೋ ಇವರು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಕೇಳ್ತಿದಾರೆ, 72ನ್ನ 5ರಿಂದ ಗುಣಿಸಿ 18ರಿಂದ ಭಾಗಿಸಿದ್ರೆ 20, ಸರಿ. ನಾವು ಬೇರೆ ದಾರಿ ಹಿಡಿದಿದೀವಿ ಅಂತ ಹೇಳಿದ್ದು ಆ ನಾಲ್ಕು ಅಂಕೆ. ನನಗೂ ಅವತ್ತು ರಾತ್ರಿ ಆ ನಾಲ್ಕು ಹೆಸರು ಕಣ್ಣಿಗೆ ಬಿದ್ದಿದ್ರೆ, ರೆಡ್ಡಿಯವರ ಹೆಸರು ಅಲ್ಲಿಲ್ಲ ಅಂತ ಕಂಡ ಕೂಡ್ಲೇ ನಿಂತು ಇನ್ನೊಂದು ಸಲ ಓದ್ತಿದ್ದೆ. ತಡೆಯೋರು ಯಾರೂ ಇಲ್ದೇ ಇದ್ದಿದ್ದಕ್ಕೆ ನೇರ ಹೋಗಿಬಿಟ್ಟೆ.

ಇದ್ರರ್ಥ ಆಪ್ಷನ್ ಬಂದ್ರೆ ಎಲ್ಲ ಬಗೆಹರಿಯುತ್ತೆ ಅಂತಲ್ಲ. ಇನ್ನೊಬ್ಬ ಹುಡುಗ ತಂದ ಪೇಪರಲ್ಲಿ ಇದೇ ಪ್ರಶ್ನೆ, ಆಪ್ಷನ್ನಲ್ಲಿ ರೆಡ್ಡಿಯವರೂ ಇದ್ರು, ನಿಜಲಿಂಗಪ್ಪನವರೂ ಇದ್ರು. ಅದು ಪ್ರಶ್ನೆಯದ್ದೇ ದೋಷ. "ಏಕೀಕರಣದ ನಂತರ" ಅಂತಲೋ "1947ರಲ್ಲಿ" ಅಂತಲೋ ಎರಡು ಪದ ಸೇರಿಸಿದ್ರೆ ಮುಗೀತಿತ್ತು. ಇಂಥದ್ದು ನಿಜವಾದ ಪರೀಕ್ಷೇಲಿ ಬಂದ್ರೆ ತಾತ್ಕಾಲಿಕ ಕೀ ಉತ್ತರ ಬಿಟ್ಟಾಗ ದಾಖಲೆ ಸಮೇತ ಆಕ್ಷೇಪಣೆ ಹಾಕೋಕೆ ಅವಕಾಶ ಇರುತ್ತೆ, ಹಾಕ್ಬೇಕು. ಆದ್ರೆ ಪ್ರಶ್ನೆ ಕೆಟ್ಟದ್ದು ಅಂತ ಹೇಳೋಕೂ ಆಪ್ಷನ್ ಎದುರಿಗೆ ಇರ್ಬೇಕಲ್ವಾ. ಅರ್ಧ ಪ್ರಶ್ನೆ ಇಟ್ಕೊಂಡು ಆಕ್ಷೇಪಣೆನೂ ಹಾಕೋಕಾಗಲ್ಲ.

ಈಗ ಅರ್ಧ ಪ್ರಶ್ನೆ ಬಂದ್ರೆ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ. ಸುಮ್ನೆ "ಆಪ್ಷನ್ ಕಳ್ಸು" ಅಂತ ಹೇಳಿ ಕೈ ತೊಳ್ಕೊಳ್ಳಲ್ಲ, ರಾತ್ರಿ ಹೊತ್ತು ಓದ್ತಾ ಕೂತವರಿಗೆ ಅದೊಂದು ಬಾಗಿಲು ಹಾಕಿದ ಹಾಗೆ ಅನ್ಸುತ್ತೆ. ನನಗೆ ಗೊತ್ತಿರೋದನ್ನ ಹೇಳ್ತೀನಿ, ಆದ್ರೆ ಅದು ಯಾವುದ್ರ ಮೇಲೆ ನಿಂತಿದೆ ಅನ್ನೋದನ್ನೂ ಅದೇ ವಾಕ್ಯದಲ್ಲಿ ಕಟ್ಟಿ ಹೇಳ್ತೀನಿ. "1947ರ ಮೈಸೂರು ರಾಜ್ಯ ಕೇಳಿದ್ರೆ ಕೆ.ಸಿ. ರೆಡ್ಡಿ, 1956ರ ಏಕೀಕರಣ ಕೇಳಿದ್ರೆ ನಿಜಲಿಂಗಪ್ಪ, 1973ರಲ್ಲಿ ಕರ್ನಾಟಕ ಅಂತ ಹೆಸರಾದಾಗ ಅಂದ್ರೆ ದೇವರಾಜ ಅರಸು, ನಿನ್ನ ಪೇಪರಲ್ಲಿ ಯಾವ ಹೆಸರುಗಳಿವೆ ನೋಡು." ಹೀಗೆ ಬರೆದ್ರೆ ಒಂದು ಲಾಭ ಇದೆ, ಯಾರಾದ್ರೂ ಇದನ್ನ ನಕಲು ಮಾಡ್ಕೊಂಡ್ರೂ ವರ್ಷ ಜೊತೇಲೇ ಹೋಗುತ್ತೆ. "ಬಹುಶಃ" ಉದುರಿ ಹೋಗುತ್ತೆ, 1956 ಅಷ್ಟು ಸುಲಭಕ್ಕೆ ಉದುರಲ್ಲ, ಅದಿಲ್ದೆ ಆ ಸಾಲಿಗೆ ಅರ್ಥವೇ ಬರಲ್ಲ.

ಆಮೇಲೆ ಕಾಪಿ ಪೇಸ್ಟ್ ಮಾಡೋ ಗೋಜಿಗೇ ಹೋಗ್ಬೇಡಿ, ಫೋಟೋ ತೆಗೀರಿ ಅಂತ ಹೇಳಿದೀನಿ. ಬರೀ ಆ ಪ್ರಶ್ನೆಯ ಫೋಟೋ ಅಲ್ಲ, ಇಡೀ ಪುಟ. ಯಾಕಂದ್ರೆ ಮೇಲೆ "ಕೆಳಗಿನ ಹೇಳಿಕೆಗಳನ್ನು ಓದಿ 41ರಿಂದ 45ರವರೆಗಿನ ಪ್ರಶ್ನೆಗಳಿಗೆ ಉತ್ತರಿಸಿ" ಅಂತ ಒಂದು ಸೂಚನೆ ಇರುತ್ತೆ, ಅದು ಬಿಟ್ಟುಹೋದ್ರೂ ಕಥೆ ಅಷ್ಟೇ. ಮೊದಲ ಪುಟದ್ದೂ ಒಂದು ಫೋಟೋ, ಯಾವ ವರ್ಷದ್ದು ಯಾವ ಸೀರೀಸ್ ಅಂತ ಗೊತ್ತಾಗೋಕೆ. ಇಂಗ್ಲಿಷಲ್ಲೂ ಪ್ರಶ್ನೆ ಇದ್ರೆ ಅದೂ ಬರ್ಲಿ, ಅನುವಾದದಲ್ಲಿ ಒಂದು "ಅಲ್ಲ" ಬಿಟ್ಟುಹೋದ್ರೆ ಇಡೀ ಪ್ರಶ್ನೆ ತಿರುಗಿ ನಿಲ್ಲುತ್ತೆ.

ಆ ಹನ್ನೊಂದು ಪುಸ್ತಕಗಳ ವಿಷಯ. ಮಾರನೇ ಸಂಜೆ ಕ್ಲಾಸ್ ಶುರು ಆಗೋಕೆ ಮುಂಚೆ ಬೋರ್ಡಿನ ಎಡಗಡೆ ಉದ್ದಕ್ಕೆ ಒಂದು ಗೆರೆ ಎಳೆದು 1947, 1956, 1973 ಅಂತ ಮೂರು ವರ್ಷ ಬರ್ದೆ, ಪ್ರತಿಯೊಂದರ ಪಕ್ಕ ಅವತ್ತಿನ ರಾಜ್ಯ ಎಲ್ಲಿಂದ ಎಲ್ಲಿಗೆ ಇತ್ತು ಅಂತ ಸಣ್ಣದಾಗಿ ನಕ್ಷೆ ಹಾಕ್ದೆ, ಕೆಳಗೆ ಹೆಸರು. ನಾನು ಹೇಳಿದ್ದು ಆ ಪೇಪರಿಗೆ ತಪ್ಪಾಗಿತ್ತು ಅಂತಾನೂ ಬಾಯಿಬಿಟ್ಟು ಹೇಳಿದೆ, ಯಾಕೆ ತಪ್ಪಾಯ್ತು ಅಂತಾನೂ ಹೇಳಿದೆ. ಎಲ್ಲರೂ ಬರ್ಕೊಂಡ್ರು. ಬೀದರಿನಿಂದ ನಮ್ಮೂರಿಗೆ ಕೆಲಸಕ್ಕೆ ಬಂದಿರೋ ಒಬ್ಬ ಹುಡುಗ, 1947ರ ನಕ್ಷೇಲಿ ತನ್ನ ಊರು ಇಲ್ಲದ್ದು ನೋಡಿ, "ಹಂಗಾದ್ರ ನಮ್ಮ ಅಜ್ಜಗ ರೆಡ್ಡಿಯವರು ಮುಖ್ಯಮಂತ್ರಿ ಆಗಿರ್ಲೇ ಇಲ್ಲಲ್ರಿ ಸರ್" ಅಂದ. ಆಗಿರ್ಲಿಲ್ಲಪ್ಪ ಅಂದೆ.

ಆ ಹುಡುಗಿ ತನ್ನ ಪುಸ್ತಕದಲ್ಲಿ ಹಳೇ ಸಾಲನ್ನ ಹೊಡೆದು ಹಾಕ್ಲಿಲ್ಲ. ಕೆ.ಸಿ. ರೆಡ್ಡಿ ಅನ್ನೋದ್ರ ಮುಂದೆ "1947, ಹಳೇ ಮೈಸೂರು" ಅಂತ ಸೇರಿಸಿ, ಕೆಳಗೆ ಇನ್ನೆರಡು ಸಾಲು ಬರ್ಕೊಂಡ್ಲು. ಅವತ್ತು ರಾತ್ರಿ ಹತ್ತೂ ಮುಕ್ಕಾಲಿಗೆ ಮತ್ತೆ ಅವಳ ಮೆಸೇಜ್ ಬಂತು. ಇಡೀ ಪುಟದ ಫೋಟೋ, ಅಂಚಲ್ಲಿ ಅವಳ ಹೆಬ್ಬೆರಳು, ಕೆಳಗೆ ನಾಲ್ಕೂ ಆಪ್ಷನ್ ಸ್ಪಷ್ಟವಾಗಿ ಕಾಣ್ತಿತ್ತು.